ಇಟಿಎಫ್ ಬೆಲೆ, ಎನ್‌ಎವಿ ಮತ್ತು ನಡುವಿನ ಅಂತರಕ್ಕೊಂದು ಕಾವಲು

ಆ್ಯಪಲ್, ಮೈಕ್ರೋಸಾಫ್ಟ್, ಎನ್‌ವಿಡಿಯಾದಂಥ ಕಂಪನಿಗಳ ಷೇರುಗಳನ್ನು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕೂತು, ರೂಪಾಯಿ ಕೊಟ್ಟು, ನಮ್ಮದೇ ಡಿಮ್ಯಾಟ್ ಖಾತೆಯ ಮೂಲಕ ಕೊಳ್ಳುವ ದಾರಿಯೊಂದು 2011ರಿಂದ ಇದೆ. ಆ ವರ್ಷದ ಮಾರ್ಚ್‌ನಲ್ಲಿ ಮೋತಿಲಾಲ್ ಓಸ್ವಾಲ್ ಸಂಸ್ಥೆ ಅಮೆರಿಕದ ನ್ಯಾಸ್‌ಡ್ಯಾಕ್ 100 ಸೂಚ್ಯಂಕವನ್ನು ಅನುಸರಿಸುವ ಇಟಿಎಫ್ ಒಂದನ್ನು ಶುರುಮಾಡಿತು. ಎನ್‌ಎಸ್‌ಇಯಲ್ಲಿ ಅದರ ಹೆಸರು MON100. ಬ್ರೋಕರ್ ಆ್ಯಪಿನಲ್ಲಿ ಈ ಹೆಸರು ಹುಡುಕಿ, ಸಂಖ್ಯೆ ಹಾಕಿ, ಕೊಳ್ಳುವ ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಇಷ್ಟು ಸುಲಭವಾಗಿರುವುದರಿಂದಲೇ ಬಹಳ ಜನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಕೊಂಡುಬಿಡುತ್ತಾರೆ. ಪರದೆಯ ಮೇಲೆ ಕಾಣುವ ಬೆಲೆ ಸರಿ, ಅದರೊಳಗೆ ಇರುವ ಷೇರುಗಳ ಬೆಲೆ ಎಷ್ಟು?

ಇಟಿಎಫ್ ಎಂದರೆ ಷೇರುಪೇಟೆಯಲ್ಲಿ ಕೊಂಡು ಮಾರಬಹುದಾದ ಮ್ಯೂಚುಯಲ್ ಫಂಡ್. ಫಂಡಿನ ಕೈಯಲ್ಲಿರುವ ಷೇರುಗಳ ಒಟ್ಟು ಮೌಲ್ಯಕ್ಕೆ ನಗದನ್ನು ಸೇರಿಸಿ, ಖರ್ಚು ಕಳೆದು, ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ನಿವ್ವಳ ಆಸ್ತಿ ಮೌಲ್ಯ. ಸಾಮಾನ್ಯ ಮ್ಯೂಚುಯಲ್ ಫಂಡಿನಲ್ಲಿ ನಾವು ಕೊಳ್ಳುವುದೂ ಮಾರುವುದೂ ಇದೇ ಎನ್‌ಎವಿಗೆ. ಇಟಿಎಫ್‌ನಲ್ಲಿ ಹಾಗಲ್ಲ. ಅಲ್ಲಿ ಇನ್ನೊಬ್ಬ ಹೂಡಿಕೆದಾರ ಯಾವ ಬೆಲೆಗೆ ಮಾರಲು ಸಿದ್ಧನೋ ಆ ಬೆಲೆಗೆ ಕೊಳ್ಳುತ್ತೇವೆ. ಬೆಲೆ ಎನ್‌ಎವಿಗಿಂತ ಹೆಚ್ಚಿದ್ದರೆ ಅದು ಪ್ರೀಮಿಯಂ, ಕಡಿಮೆಯಿದ್ದರೆ ಡಿಸ್ಕೌಂಟ್. ನೂರು ರೂಪಾಯಿಯ ನೋಟು ಇಟ್ಟ ಲಕೋಟೆಯನ್ನು ನೂರಾ ಹನ್ನೆರಡು ರೂಪಾಯಿಗೆ ಕೊಂಡರೆ ಹನ್ನೆರಡು ಪರ್ಸೆಂಟ್ ಪ್ರೀಮಿಯಂ ಕೊಟ್ಟಂತೆ. ಆ ಹನ್ನೆರಡು ರೂಪಾಯಿ ಲಕೋಟೆಯೊಳಗೆ ಹೋಗುವುದಿಲ್ಲ, ಫಂಡಿಗೂ ಸೇರುವುದಿಲ್ಲ, ಮಾರಿದವನ ಜೇಬಿಗೆ ಹೋಗುತ್ತದೆ.

ಲೆಕ್ಕ ಇಷ್ಟೇ. ಬೆಲೆಯಿಂದ ಎನ್‌ಎವಿ ಕಳೆದು, ಉಳಿದಿದ್ದನ್ನು ಎನ್‌ಎವಿಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಶಾಲೆಯ ಮಕ್ಕಳೂ ಮಾಡಬಹುದಾದ ಈ ಲೆಕ್ಕವನ್ನು ಸರಿಯಾಗಿ ಮಾಡುವುದು ಎಷ್ಟು ಕಷ್ಟ ಎನ್ನುವುದೇ ಈ ಲೇಖನದ ವಿಷಯ. ಕಷ್ಟ ಇರುವುದು ಗಣಿತದಲ್ಲಲ್ಲ, ಗಡಿಯಾರದಲ್ಲಿ.

ಅದಕ್ಕೆ ಮೊದಲು ಅಂತರ ಹುಟ್ಟುವುದು ಏಕೆ ಎಂದು ತಿಳಿಯಬೇಕು. ನಿಫ್ಟಿ 50 ಸೂಚ್ಯಂಕದ ಒಂದು ದೊಡ್ಡ ಇಟಿಎಫ್ ಅನ್ನು ತೆಗೆದುಕೊಳ್ಳಿ. ಅದರ ಬೆಲೆ ಎನ್‌ಎವಿಯಿಂದ ಬಹಳ ದೂರ ಹೋಗುವುದೇ ಇಲ್ಲ. ಅದಕ್ಕೆ ಕಾರಣ ಮಾರ್ಕೆಟ್ ಮೇಕರ್ ಎಂಬ ದೊಡ್ಡ ವ್ಯಾಪಾರಿಗಳು. ಸೆಬಿಯ 2022ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಪ್ರತಿ ಇಟಿಎಫ್‌ಗೂ ಕನಿಷ್ಠ ಇಬ್ಬರು ಮಾರ್ಕೆಟ್ ಮೇಕರ್‌ಗಳು ಇರಲೇಬೇಕು. ಯೂನಿಟ್ಟಿನ ಬೆಲೆ ಎನ್‌ಎವಿಗಿಂತ ಮೇಲೇರಿತು ಅನ್ನಿ. ಅವರು ಫಂಡ್ ಸಂಸ್ಥೆಗೆ ಷೇರುಗಳನ್ನೋ ಹಣವನ್ನೋ ಕೊಟ್ಟು, ಎನ್‌ಎವಿ ಲೆಕ್ಕದಲ್ಲಿ ಹೊಸ ಯೂನಿಟ್‌ಗಳನ್ನು ಮಾಡಿಸಿಕೊಂಡು, ಪೇಟೆಯಲ್ಲಿ ಮೇಲಿನ ಬೆಲೆಗೆ ಮಾರುತ್ತಾರೆ. ಪೂರೈಕೆ ಹೆಚ್ಚಿ ಬೆಲೆ ಕೆಳಗೆ ಬರುತ್ತದೆ. ಬೆಲೆ ಎನ್‌ಎವಿಗಿಂತ ಇಳಿದರೆ ಇದನ್ನೇ ತಿರುಗಿಸಿ ಮಾಡುತ್ತಾರೆ. ಪೇಟೆಯಲ್ಲಿ ಅಗ್ಗವಾಗಿ ಕೊಂಡ ಯೂನಿಟ್‌ಗಳನ್ನು ಫಂಡಿಗೆ ವಾಪಸ್ ಕೊಟ್ಟು ಪೂರ್ತಿ ಮೌಲ್ಯ ಪಡೆಯುತ್ತಾರೆ. ಅವರ ಲಾಭದಾಸೆಯೇ ನಮಗೆ ನ್ಯಾಯವಾದ ಬೆಲೆ ಸಿಗುವಂತೆ ಮಾಡುತ್ತದೆ.

ಹೊಸ ಯೂನಿಟ್ ಮಾಡಿಸುವ ಬಾಗಿಲು ಮುಚ್ಚಿದರೆ ಈ ಯಂತ್ರ ಅರ್ಧ ನಿಂತುಹೋಗುತ್ತದೆ. ಭಾರತದ ವಿದೇಶಿ ಇಟಿಎಫ್‌ಗಳಲ್ಲಿ ಆಗಿದ್ದು ಅದೇ. ನಮ್ಮ ಎಲ್ಲ ಮ್ಯೂಚುಯಲ್ ಫಂಡ್‌ಗಳೂ ಸೇರಿ ವಿದೇಶಿ ಷೇರುಗಳಲ್ಲಿ ತೊಡಗಿಸಬಹುದಾದ ಮೊತ್ತಕ್ಕೆ ಒಂದು ಮೇಲ್ಮಿತಿ ಇದೆ. ಅದು 700 ಕೋಟಿ ಡಾಲರ್. ವಿದೇಶಿ ಇಟಿಎಫ್‌ಗಳಲ್ಲಿ ಹೂಡುವವರಿಗೆ ಪ್ರತ್ಯೇಕವಾಗಿ 100 ಕೋಟಿ ಡಾಲರ್‌ನ ಮಿತಿಯಿದೆ. 2022ರ ಆರಂಭದಲ್ಲಿ ಮೊದಲನೆಯ ಮಿತಿ ಹತ್ತಿರ ಬಂತು. ಆ ವರ್ಷದ ಫೆಬ್ರುವರಿ ಮೊದಲ ವಾರದಿಂದ ಫಂಡ್ ಸಂಸ್ಥೆಗಳು ವಿದೇಶಿ ಯೋಜನೆಗಳಿಗೆ ಹೊಸ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಜೂನ್‌ನಲ್ಲಿ ಸೆಬಿ ಸ್ವಲ್ಪ ಸಡಿಲಿಕೆ ಕೊಟ್ಟಿತು. ಹಣ ವಾಪಸ್ ಪಡೆದವರಿಂದ ಎಷ್ಟು ಜಾಗ ಖಾಲಿಯಾಗಿದೆಯೋ ಅಷ್ಟರೊಳಗೆ, ಫೆಬ್ರುವರಿ 1ರಂದು ಇದ್ದ ಮಟ್ಟ ದಾಟದಂತೆ, ಮತ್ತೆ ಹೂಡಬಹುದು ಎಂದಿತು. ಎರಡನೆಯ ಮಿತಿಯೂ ತುಂಬುತ್ತ ಬಂದಾಗ, ವಿದೇಶಿ ಇಟಿಎಫ್‌ಗಳಲ್ಲಿ ಹೂಡುವ ಯೋಜನೆಗಳೂ 2024ರ ಏಪ್ರಿಲ್ 1ರಿಂದ ಹೊಸ ಹಣ ನಿಲ್ಲಿಸಿದವು.

ಈಗ ಮಾರ್ಕೆಟ್ ಮೇಕರ್‌ನ ಜಾಗದಲ್ಲಿ ನಿಂತು ನೋಡಿ. MON100 ಬೆಲೆ ಎನ್‌ಎವಿಗಿಂತ ಹತ್ತು ಪರ್ಸೆಂಟ್ ಮೇಲಿದೆ ಎಂದು ಅವನಿಗೂ ಗೊತ್ತು. ಹೊಸ ಯೂನಿಟ್ ಮಾಡಿಸಬೇಕಾದರೆ ಫಂಡ್ ಹೊಸದಾಗಿ ಡಾಲರ್ ಕೊಂಡು ಅಮೆರಿಕದಲ್ಲಿ ಷೇರು ಕೊಳ್ಳಬೇಕು. ಮಿತಿ ಅಡ್ಡ ಬರುತ್ತದೆ. ಆಗ ಪೇಟೆಯಲ್ಲಿ ಇರುವ ಯೂನಿಟ್‌ಗಳು ಇದ್ದಷ್ಟೇ. ಕೊಳ್ಳುವವರು ಹೆಚ್ಚಾದಂತೆ ಬೆಲೆ ಏರುತ್ತದೆ, ತಡೆಯುವವರು ಇಲ್ಲ. ಹಾಗೆಂದು ಕೆಳಗಿನ ಬಾಗಿಲು ಮುಚ್ಚಿಲ್ಲ. ಬೆಲೆ ಎನ್‌ಎವಿಗಿಂತ ತೀರಾ ಇಳಿದರೆ ಯೂನಿಟ್‌ಗಳನ್ನು ಫಂಡಿಗೆ ವಾಪಸ್ ಕೊಡುವ ದಾರಿ ತೆರೆದೇ ಇರುತ್ತದೆ. ಆದ್ದರಿಂದ ಈ ಫಂಡ್‌ಗಳಲ್ಲಿ ಅಂತರ ಸಾಮಾನ್ಯವಾಗಿ ಮೇಲ್ಮುಖವಾಗಿಯೇ ಬೆಳೆಯುತ್ತದೆ.

ಇದೇ ನ್ಯಾಸ್‌ಡ್ಯಾಕ್ 100 ಸೂಚ್ಯಂಕವನ್ನು ಅನುಸರಿಸುವ QQQ ಎಂಬ ಇಟಿಎಫ್ ಅಮೆರಿಕದಲ್ಲಿದೆ. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ನಮ್ಮ ಕನ್ನಡಿಗರು ಅದನ್ನು ಕೊಂಡರೆ ಎನ್‌ಎವಿಗೂ ಬೆಲೆಗೂ ಇರುವ ವ್ಯತ್ಯಾಸ ಮಾಮೂಲಿ ದಿನಗಳಲ್ಲಿ ಪರ್ಸೆಂಟಿನ ನೂರರಲ್ಲಿ ಕೆಲವು ಭಾಗ ಮಾತ್ರ. ಅದೇ ಷೇರುಗಳು, ಅದೇ ಸೂಚ್ಯಂಕ. ಅಲ್ಲಿ ಬಾಗಿಲು ತೆರೆದಿದೆ, ಇಲ್ಲಿ ಮುಚ್ಚಿದೆ. ಪ್ರೀಮಿಯಂ ಏರಿದಾಗ ‘ಅಮೆರಿಕದ ಟೆಕ್ ಷೇರುಗಳಿಗೆ ಎಷ್ಟು ಬೇಡಿಕೆ ನೋಡಿ’ ಎಂದು ಹೇಳುವವರಿದ್ದಾರೆ. ಆ ಬೇಡಿಕೆಯ ಲೆಕ್ಕ ಷೇರುಗಳ ಬೆಲೆಯಲ್ಲಿ, ಅಂದರೆ ಎನ್‌ಎವಿಯಲ್ಲಿ, ಆಗಲೇ ಸೇರಿಹೋಗಿದೆ. ಮೇಲಿನ ಹೆಚ್ಚುವರಿ ಮೊತ್ತ ಭಾರತದೊಳಗಿನ ಯೂನಿಟ್ ಕೊರತೆಯ ಬೆಲೆ.

ಈ ಹೆಚ್ಚುವರಿ ಮೊತ್ತ ಹೂಡಿಕೆದಾರನಿಗೆ ಏನು ಮಾಡುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಸಂಖ್ಯೆಗಳು ಲೆಕ್ಕಕ್ಕೆಂದು ಹಿಡಿದವು. ಎನ್‌ಎವಿ 200 ರೂಪಾಯಿ, ಪೇಟೆ ಬೆಲೆ 224. ಪ್ರೀಮಿಯಂ 12 ಪರ್ಸೆಂಟ್. ಒಬ್ಬ ಶಿಕ್ಷಕಿ 1,12,000 ರೂಪಾಯಿ ಕೊಟ್ಟು 500 ಯೂನಿಟ್ ಕೊಂಡರು. ಅವರ ಕೈಗೆ ಬಂದ ಷೇರುಗಳ ಮೌಲ್ಯ ಒಂದು ಲಕ್ಷ. ಒಂದು ವರ್ಷದಲ್ಲಿ ಸೂಚ್ಯಂಕ 10 ಪರ್ಸೆಂಟ್ ಏರಿತು, ರೂಪಾಯಿ ಡಾಲರ್ ವಿನಿಮಯ ಇದ್ದಲ್ಲೇ ಇತ್ತು. ಎನ್‌ಎವಿ 220 ಆಯಿತು. ಅಷ್ಟರಲ್ಲಿ ಮಿತಿ ಸಡಿಲಗೊಂಡು ಪ್ರೀಮಿಯಂ 2 ಪರ್ಸೆಂಟ್‌ಗೆ ಇಳಿಯಿತು. ಪೇಟೆ ಬೆಲೆ 224 ರೂಪಾಯಿ 40 ಪೈಸೆ. ಅವರು ಆರಿಸಿದ ಸೂಚ್ಯಂಕ ಹತ್ತು ಪರ್ಸೆಂಟ್ ಗಳಿಸಿದೆ, ಅವರ ಹಣ ಯೂನಿಟ್ಟಿಗೆ 40 ಪೈಸೆ ಬೆಳೆದಿದೆ. ಪ್ರೀಮಿಯಂ ಪೂರ್ತಿ ಕರಗಿ 220ಕ್ಕೆ ಬಂದಿದ್ದರೆ ನಷ್ಟ. ಅವರ ತೀರ್ಮಾನದಲ್ಲಿ ತಪ್ಪಿರಲಿಲ್ಲ, ಕಂಪನಿಗಳೂ ಕೈಕೊಡಲಿಲ್ಲ. ಕೊಳ್ಳುವ ದಿನ ಒಂದು ಭಾಗಾಕಾರ ಮಾಡಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತು. ನನಗೆ ಬೇಸರವಾಗುವುದು ಇಂಥ ನಷ್ಟಗಳನ್ನು ಕಂಡಾಗಲೇ. ಪೇಟೆಯ ಏರಿಳಿತ ಸಹಜ, ತಾಳಿಕೊಳ್ಳಬಹುದು. ಕೊಂಡ ಕ್ಷಣದಲ್ಲೇ ಆಗಿಹೋದ ನಷ್ಟ ವರ್ಷದ ನಂತರ ತಿಳಿಯುವುದು ಅನ್ಯಾಯ.

ಬಾಗಿಲು ಮತ್ತೆ ತೆರೆದಾಗ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದಲ್ಲಿ ಒಂದು ಸ್ಪಷ್ಟ ದಾಖಲೆ ಇದೆ. TVIX ಎಂಬುದು ಇಟಿಎಫ್‌ನಂತೆಯೇ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಇಟಿಎನ್, ಅಂದರೆ ಬ್ಯಾಂಕ್ ಹೊರಡಿಸಿದ ಸಾಲಪತ್ರ. 2012ರ ಫೆಬ್ರುವರಿ 21ರಂದು ಕ್ರೆಡಿಟ್ ಸ್ವಿಸ್ ಬ್ಯಾಂಕ್ ಅದರ ಹೊಸ ಯೂನಿಟ್‌ಗಳನ್ನು ಕೊಡುವುದನ್ನು ನಿಲ್ಲಿಸಿತು. ಕೊಳ್ಳುವವರು ನಿಲ್ಲಲಿಲ್ಲ. ಮಾರ್ಚ್ ಮೂರನೆಯ ವಾರದ ಹೊತ್ತಿಗೆ ಅದರ ಬೆಲೆ ನಿಜ ಮೌಲ್ಯಕ್ಕಿಂತ ಸುಮಾರು 90 ಪರ್ಸೆಂಟ್ ಮೇಲಿತ್ತು. ಮಾರ್ಚ್ 22ರಂದು ಬ್ಯಾಂಕ್ ಮಿತವಾಗಿ ಮತ್ತೆ ಯೂನಿಟ್ ಕೊಡುವುದಾಗಿ ಪ್ರಕಟಿಸಿತು. ಆ ದಿನ ಮತ್ತು ಮರುದಿನ ಸೇರಿ ಬೆಲೆ ಸುಮಾರು ಅರ್ಧಕ್ಕೆ ಕುಸಿಯಿತು. ತಿಂಗಳಿಡೀ ನಿಧಾನವಾಗಿ ಬೆಳೆದ ಪ್ರೀಮಿಯಂ ಎರಡು ದಿನದಲ್ಲಿ ಹೊರಟುಹೋಯಿತು.

ಇನ್ನು ಗಡಿಯಾರದ ವಿಷಯ. ಅಂತರವನ್ನು ಅಳೆಯುವ ಹತ್ತು ಪ್ರಯತ್ನಗಳಲ್ಲಿ ಬಹುಪಾಲು ತಪ್ಪುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ನೋಡಬೇಕು.

ಎನ್‌ಎಸ್‌ಇ ವಹಿವಾಟು ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ. ಅಮೆರಿಕದ ಪೇಟೆ ಮುಚ್ಚುವುದು ನಮ್ಮ ಗಡಿಯಾರದಲ್ಲಿ ಬೇಸಿಗೆಯಲ್ಲಿ ರಾತ್ರಿ 1:30ಕ್ಕೆ, ಚಳಿಗಾಲದಲ್ಲಿ 2:30ಕ್ಕೆ. ನಮ್ಮ ಪೇಟೆ ನಡೆಯುವಾಗ ಅವರದು ಮಲಗಿರುತ್ತದೆ. ಮಂಗಳವಾರ ಮಧ್ಯಾಹ್ನ ನಾವು MON100 ಬೆಲೆ ನೋಡುವಾಗ, ಅದರ ಒಳಗಿರುವ ಷೇರುಗಳಿಗೆ ಇರುವ ಕೊನೆಯ ಬೆಲೆ ಅಮೆರಿಕದ ಸೋಮವಾರದ್ದು. ಮಂಗಳವಾರದ ತಾರೀಖು ಹೊತ್ತ ಎನ್‌ಎವಿ ಪ್ರಕಟವಾಗುವುದು ಬುಧವಾರ. ಅಮೆರಿಕದ ಮಂಗಳವಾರದ ಮುಕ್ತಾಯ ಬೆಲೆ ಹಿಡಿದು ಲೆಕ್ಕ ಹಾಕಿದ ಎನ್‌ಎವಿ ಅದಾಗಿದ್ದರೆ, ಅದರಲ್ಲಿ ನಮ್ಮ ಪೇಟೆ ಮುಚ್ಚಿದ ಮೇಲೆ ನಡೆದ ಘಟನೆಗಳೂ ಸೇರಿರುತ್ತವೆ. ಫಂಡ್ ಯಾವ ದಿನದ ಮುಕ್ತಾಯ ಬೆಲೆ ಹಿಡಿಯುತ್ತದೆ ಎಂಬುದು ಅದರ ಯೋಜನಾ ದಾಖಲೆಯ ಮೌಲ್ಯಮಾಪನದ ಭಾಗದಲ್ಲಿ ಬರೆದಿರುತ್ತದೆ. ಒಮ್ಮೆ ಓದಿ ಗುರುತು ಹಾಕಿಕೊಂಡರೆ ಸಾಕು.

ಇದನ್ನು ಗಮನಿಸದೆ ಒಂದೇ ತಾರೀಖಿನ ಬೆಲೆಯನ್ನೂ ಎನ್‌ಎವಿಯನ್ನೂ ಜೋಡಿಸಿದರೆ ಏನಾಗುತ್ತದೆ? ಸೋಮವಾರದ ಎನ್‌ಎವಿ 200, ಮಂಗಳವಾರ ಮಧ್ಯಾಹ್ನದ ಬೆಲೆ 206 ಎಂದುಕೊಳ್ಳಿ. ಪ್ರೀಮಿಯಂ 3 ಪರ್ಸೆಂಟ್. ಮಂಗಳವಾರ ರಾತ್ರಿ ನ್ಯಾಸ್‌ಡ್ಯಾಕ್ 3 ಪರ್ಸೆಂಟ್ ಕುಸಿಯಿತು. ಮಂಗಳವಾರದ ಎನ್‌ಎವಿ 194 ಎಂದು ಬಂತು. 206ನ್ನು 194ಕ್ಕೆ ಹೋಲಿಸಿದರೆ ಪ್ರೀಮಿಯಂ 6.2 ಪರ್ಸೆಂಟ್! ಅಂತರ ಎರಡರಷ್ಟಾಯಿತು ಎಂದು ಎಚ್ಚರಿಕೆ ಗಂಟೆ ಹೊಡೆಯುತ್ತದೆ. ನಿಜದಲ್ಲಿ ಯಾವ ಅಂತರವೂ ಬೆಳೆದಿಲ್ಲ. ಮಧ್ಯಾಹ್ನ ಕೊಂಡವನಿಗೆ ರಾತ್ರಿ ಏನಾಗುತ್ತದೆ ಎಂದು ತಿಳಿದಿರಲಿಲ್ಲ, ಅಷ್ಟೇ. ರಾತ್ರಿ ಪೇಟೆ ಏರಿದ್ದರೆ ಇದೇ ಲೆಕ್ಕ ಪ್ರೀಮಿಯಂ ಇಲ್ಲವೇ ಇಲ್ಲ ಎಂದು ತೋರಿಸಿ ಕೊಳ್ಳಲು ಪ್ರೇರೇಪಿಸುತ್ತಿತ್ತು. ಅದು ಇನ್ನೂ ಕೆಟ್ಟದ್ದು.

ಸರಿಯಾದ ಜೋಡಿ ಮಂಗಳವಾರದ ಬೆಲೆ ಮತ್ತು ಸೋಮವಾರದ ಎನ್‌ಎವಿ. ಆದರೂ ರಾತ್ರಿ 1:30ರಿಂದ ಮಧ್ಯಾಹ್ನ 3:30ರವರೆಗೆ ಹದಿನಾಲ್ಕು ಗಂಟೆ ಕಳೆದಿದೆ. ಷೇರುಗಳು ಮಲಗಿದ್ದರೂ ಎರಡು ಸಂಗತಿಗಳು ಎಚ್ಚರವಾಗಿರುತ್ತವೆ. ಒಂದು, ಷಿಕಾಗೊದ ಸಿಎಂಇ ವಿನಿಮಯ ಕೇಂದ್ರದಲ್ಲಿ ದಿನದ ಬಹುತೇಕ ಎಲ್ಲ ಗಂಟೆಯೂ ನಡೆಯುವ ನ್ಯಾಸ್‌ಡ್ಯಾಕ್ 100 ಫ್ಯೂಚರ್ಸ್. ಇನ್ನೊಂದು, ಡಾಲರಿನ ರೂಪಾಯಿ ಬೆಲೆ. ಇವೆರಡನ್ನೂ ಸೇರಿಸಿಕೊಂಡು ಆ ಕ್ಷಣದ ನ್ಯಾಯಬೆಲೆಯನ್ನು ಅಂದಾಜಿಸಬಹುದು. ಅಮೆರಿಕದ ಪೇಟೆ ಮುಚ್ಚಿದ ಮೇಲೆ ಫ್ಯೂಚರ್ಸ್ 1 ಪರ್ಸೆಂಟ್ ಏರಿದೆ, ಎನ್‌ಎವಿ ಲೆಕ್ಕ ಹಾಕುವಾಗ 85.00 ಇದ್ದ ಡಾಲರ್ ಈಗ 85.17 ಆಗಿದೆ ಅನ್ನೋಣ. ಆಗ 200ನ್ನು 1.01ರಿಂದಲೂ 1.002ರಿಂದಲೂ ಗುಣಿಸಬೇಕು. ಬರುವುದು 202 ರೂಪಾಯಿ 40 ಪೈಸೆ. ಇದಕ್ಕೆ ಹೋಲಿಸಿದರೆ 206ರ ಪ್ರೀಮಿಯಂ 3 ಅಲ್ಲ, 1.8 ಪರ್ಸೆಂಟ್. ಉಳಿದದ್ದು ರಾತ್ರಿ ಅಮೆರಿಕ ತೆರೆದಾಗ ಎನ್‌ಎವಿಯೊಳಗೆ ಬರಲಿರುವ ಏರಿಕೆಯನ್ನು ಪೇಟೆ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡದ್ದು.

ಇಂಥ ತಾಜಾ ಮೌಲ್ಯಕ್ಕೆ ಐಎನ್‌ಎವಿ ಎಂಬ ಹೆಸರಿದೆ. ದೇಶದೊಳಗಿನ ಷೇರುಗಳ ಇಟಿಎಫ್ ಆಗಿದ್ದರೆ ಅದನ್ನು 15 ಸೆಕೆಂಡಿಗಿಂತ ಹೆಚ್ಚು ತಡವಿಲ್ಲದೆ ತೋರಿಸಬೇಕೆಂದು ಸೆಬಿ ಹೇಳಿದೆ. ನಿಫ್ಟಿ ಇಟಿಎಫ್‌ಗೆ ಅದನ್ನು ನೇರವಾಗಿ ನಂಬಬಹುದು, ಏಕೆಂದರೆ ಷೇರುಗಳೂ ಇಟಿಎಫ್ ಕೂಡ ಒಂದೇ ಹೊತ್ತಿನಲ್ಲಿ ವಹಿವಾಟಾಗುತ್ತಿರುತ್ತವೆ. ವಿದೇಶಿ ಇಟಿಎಫ್‌ನ ಐಎನ್‌ಎವಿ ನೋಡುವಾಗ ಮಾತ್ರ ಅದರಲ್ಲಿ ಫ್ಯೂಚರ್ಸ್ ಚಲನೆ ಸೇರಿದೆಯೇ, ಇಲ್ಲ ಹಿಂದಿನ ರಾತ್ರಿಯ ಬೆಲೆಗೆ ಡಾಲರ್ ಲೆಕ್ಕವನ್ನಷ್ಟೇ ಸೇರಿಸಿದ್ದಾರೆಯೇ ಎಂದು ಫಂಡ್ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಈಗ ಕಾವಲು ಕಟ್ಟುವ ಕೆಲಸ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಗೂಗಲ್ ಶೀಟ್ ಸಾಕು. ಎಲ್ಲ ಮ್ಯೂಚುಯಲ್ ಫಂಡ್‌ಗಳ ಎನ್‌ಎವಿಯನ್ನೂ ಫಂಡ್‌ಗಳ ಒಕ್ಕೂಟ ಆ್ಯಂಫಿ ದಿನವೂ ಒಂದು ಕಡತದಲ್ಲಿ ಉಚಿತವಾಗಿ ಕೊಡುತ್ತದೆ. ಸಾಲಿನಲ್ಲಿ ಅರ್ಧವಿರಾಮಗಳ ನಡುವೆ ಯೋಜನೆಯ ಹೆಸರು, ಎನ್‌ಎವಿ, ತಾರೀಖು ಇರುತ್ತವೆ. ಕಂಪ್ಯೂಟರ್ ಬಳಕೆ ಗೊತ್ತಿದ್ದವರು ಬೇಕಾದ ಸಾಲನ್ನು ಹೀಗೆ ಹೊರತೆಗೆಯಬಹುದು:

```
curl -sL https://www.amfiindia.com/spages/NAVAll.txt | grep -i "nasdaq 100 etf"
```

ಬೇಡವೆಂದರೆ ಎನ್‌ಎವಿಯನ್ನು ಕೈಯಲ್ಲೇ ಬರೆದುಕೊಳ್ಳಬಹುದು, ದಿನಕ್ಕೊಂದು ಸಂಖ್ಯೆ ತಾನೆ. ಆದರೆ ಎನ್‌ಎವಿ ಜೊತೆಗೆ ಅದರ ತಾರೀಖನ್ನೂ ಬರೆಯುವುದನ್ನು ಬಿಡಬಾರದು. ಶೀಟಿನ A ಕಂಬದಲ್ಲಿ ವಹಿವಾಟಿನ ದಿನ, B ಕಂಬದಲ್ಲಿ ಬೆಲೆ, C ಕಂಬದಲ್ಲಿ ಅದಕ್ಕೆ ಹೊಂದುವ ಹಿಂದಿನ ದಿನದ ಎನ್‌ಎವಿ ಅಥವಾ ನಾವೇ ಅಂದಾಜಿಸಿದ ನ್ಯಾಯಬೆಲೆ, D ಕಂಬದಲ್ಲಿ ಅಂತರ. ಹೊಸ ದಿನ ಮೇಲೆ, ಎರಡನೆಯ ಸಾಲಿನಲ್ಲಿ ಬರಲಿ. ಮೂರು ಸೂತ್ರಗಳು ಬೇಕು:

```
B2: =GOOGLEFINANCE("NSE:MON100","price")
D2: =(B2-C2)/C2
E2: =IF(ABS(D2-MEDIAN(D3:D62))>0.02,"ALERT","")
```

ಮೊದಲನೆಯ ಸೂತ್ರ ಬೆಲೆಯನ್ನು ತರುತ್ತದೆ. ದಿನದ ಕೊನೆಗೆ ಅದನ್ನು ಬರೀ ಸಂಖ್ಯೆಯಾಗಿ ಮಾಡಿ ಉಳಿಸಬೇಕು, ಇಲ್ಲದಿದ್ದರೆ ನಾಳೆ ಹಳೆಯ ಸಾಲಿನಲ್ಲೂ ನಾಳೆಯ ಬೆಲೆಯೇ ಕಾಣುತ್ತದೆ. ಎರಡನೆಯದು ಅಂತರ. ಮೂರನೆಯದರಲ್ಲಿ ಸ್ವಲ್ಪ ವಿವೇಚನೆ ಅಡಗಿದೆ.

ಎಷ್ಟು ಅಂತರವಾದರೆ ಎಚ್ಚರಿಸಬೇಕು ಎಂಬುದಕ್ಕೆ ಎಲ್ಲ ಫಂಡ್‌ಗಳಿಗೂ ಒಂದೇ ಗೆರೆ ಎಳೆದರೆ ಕೆಲಸಕ್ಕೆ ಬರುವುದಿಲ್ಲ. ದೊಡ್ಡ ನಿಫ್ಟಿ ಇಟಿಎಫ್ ಅರ್ಧ ಪರ್ಸೆಂಟ್ ದೂರ ಹೋದರೆ ಏನೋ ಆಗಿದೆ ಎಂದೇ ಅರ್ಥ. ಬಾಗಿಲು ಮುಚ್ಚಿರುವ ವಿದೇಶಿ ಇಟಿಎಫ್ ತಿಂಗಳುಗಟ್ಟಲೆ ಕೆಲವು ಪರ್ಸೆಂಟ್ ಮೇಲೆಯೇ ಇರಬಹುದು. ಅದಕ್ಕೂ ಅರ್ಧ ಪರ್ಸೆಂಟಿನ ಗೆರೆ ಎಳೆದರೆ ದಿನವೂ ಗಂಟೆ ಹೊಡೆಯುತ್ತದೆ, ಮೂರನೆಯ ದಿನ ನಾವು ಗಂಟೆಯನ್ನೇ ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ಮೇಲಿನ ಸೂತ್ರ ಹಿಂದಿನ 60 ವಹಿವಾಟು ದಿನಗಳ ಅಂತರಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಆರಿಸುತ್ತದೆ. ಇಂದಿನ ಅಂತರ ಅದರಿಂದ ಎರಡು ಪರ್ಸೆಂಟ್‌ಗಿಂತ ದೂರವಿದ್ದರೆ ಮಾತ್ರ ಹೇಳುತ್ತದೆ. ಸರಾಸರಿ ತೆಗೆದುಕೊಳ್ಳದೆ ನಡುವಿನ ಸಂಖ್ಯೆ ತೆಗೆದುಕೊಂಡಿರುವುದು ಬೇಕೆಂದೇ. ಒಂದೆರಡು ಹುಚ್ಚು ದಿನಗಳು ಸರಾಸರಿಯನ್ನು ಎಳೆದುಬಿಡುತ್ತವೆ, ನಡುವಿನ ಸಂಖ್ಯೆ ಅಲುಗುವುದಿಲ್ಲ.

ಈ ಸೂತ್ರಕ್ಕೊಂದು ದೌರ್ಬಲ್ಯವಿದೆ. ಪ್ರೀಮಿಯಂ ಮೂರು ತಿಂಗಳಲ್ಲಿ ನಿಧಾನವಾಗಿ 3ರಿಂದ 12ಕ್ಕೆ ಏರಿದರೆ ನಡುವಿನ ಸಂಖ್ಯೆಯೂ ಅದರ ಹಿಂದೆಯೇ ಏರುತ್ತದೆ, ಕೊನೆಗೆ ಅದು 12ನ್ನೇ ಮಾಮೂಲಿ ಎಂದುಕೊಳ್ಳುತ್ತದೆ. ಅದಕ್ಕೆ ಎರಡನೆಯ, ಅಲುಗಾಡದ ಗೆರೆಯೊಂದು ಬೇಕು. ಅದು ನಮ್ಮ ಜೇಬಿಗೆ ಸೇರಿದ ಪ್ರಶ್ನೆ, ಸಂಖ್ಯಾಶಾಸ್ತ್ರದ್ದಲ್ಲ. ಈ ಫಂಡಿಗಾಗಿ ಹೆಚ್ಚೆಂದರೆ ಎಷ್ಟು ಪ್ರೀಮಿಯಂ ಕೊಡಲು ನಾನು ಸಿದ್ಧ ಎಂದು ಮೊದಲೇ ತೀರ್ಮಾನಿಸಿ ಬರೆದಿಡಬೇಕು. ವರ್ಷಕ್ಕೆ ಹತ್ತು ಪರ್ಸೆಂಟ್ ಬೆಳವಣಿಗೆ ನಿರೀಕ್ಷಿಸುವವರು ಐದು ಪರ್ಸೆಂಟ್ ಪ್ರೀಮಿಯಂ ಕೊಟ್ಟರೆ, ಅದು ಕರಗಿದ ದಿನ ಅರ್ಧ ವರ್ಷದ ಗಳಿಕೆ ಹೋದಂತೆ. ಈ ರೀತಿ ಕಾಲದ ಲೆಕ್ಕದಲ್ಲಿ ಯೋಚಿಸಿದರೆ ತೀರ್ಮಾನ ಸುಲಭ.

ಗಂಟೆ ಹೊಡೆದ ಮೇಲೆ ಮೊದಲು ಅದನ್ನೇ ಅನುಮಾನಿಸಬೇಕು. ಸಣ್ಣ ಇಟಿಎಫ್‌ಗಳಲ್ಲಿ ಕೊನೆಯ ವ್ಯವಹಾರ ಬೆಳಿಗ್ಗೆ ಹತ್ತಕ್ಕೇ ನಡೆದಿರಬಹುದು, ಪರದೆಯಲ್ಲಿ ಮಧ್ಯಾಹ್ನ ಮೂರಕ್ಕೂ ಅದೇ ಬೆಲೆ ಇರುತ್ತದೆ. ಅಷ್ಟರಲ್ಲಿ ಸೂಚ್ಯಂಕ ಎಲ್ಲಿಗೋ ಹೋಗಿರುತ್ತದೆ. ಕೊಳ್ಳುವವರ ಅತಿ ಹೆಚ್ಚಿನ ಬೆಲೆಗೂ ಮಾರುವವರ ಅತಿ ಕಡಿಮೆ ಬೆಲೆಗೂ ನಡುವಿನ ಬಿಂದುವನ್ನು ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿದರೆ ಸುಳ್ಳು ಅಂತರ ಬಯಲಾಗುತ್ತದೆ. ಎರಡನೆಯದು ರಜೆ. ಅಮೆರಿಕಕ್ಕೆ ಥ್ಯಾಂಕ್ಸ್‌ಗಿವಿಂಗ್ ರಜೆಯಿದ್ದು ನಮ್ಮ ಪೇಟೆ ತೆರೆದಿದ್ದರೆ, ಅಥವಾ ದೀಪಾವಳಿಗೆ ನಾವು ಮುಚ್ಚಿ ಅವರು ತೆರೆದಿದ್ದರೆ, ತಾರೀಖುಗಳ ಜೋಡಿ ಒಂದು ಹೆಜ್ಜೆ ತಪ್ಪುತ್ತದೆ. ಎನ್‌ಎವಿಯ ತಾರೀಖು ಬರೆದಿಡಬೇಕು ಎಂದದ್ದು ಇದಕ್ಕೇ. ಮೂರನೆಯದು ಯೂನಿಟ್ ವಿಭಜನೆ. ಫಂಡ್ ಒಂದು ಯೂನಿಟ್ಟನ್ನು ಹತ್ತಾಗಿ ಒಡೆದ ದಿನ ಬೆಲೆ ಹೊಸದು, ಎನ್‌ಎವಿ ಹಳೆಯದು ಆಗಿದ್ದರೆ ಶೀಟಿನಲ್ಲಿ 90 ಪರ್ಸೆಂಟ್ ಡಿಸ್ಕೌಂಟ್ ಕಾಣುತ್ತದೆ. ಇಷ್ಟು ದೊಡ್ಡ ಅಂತರ ಒಂದೇ ದಿನದಲ್ಲಿ ಕಂಡರೆ ಅದು ಅದೃಷ್ಟವಲ್ಲ, ದತ್ತಾಂಶದ ತಪ್ಪು.

ಕೆಲವೊಮ್ಮೆ ಅಂತರ ನಿಜವಾಗಿಯೇ ಇರುತ್ತದೆ, ಆದರೆ ಎನ್‌ಎವಿಯ ಆಧಾರವೇ ಪೇಟೆಗಿಂತ ಹಿಂದುಳಿದಿರುತ್ತದೆ. 2025ರ ಅಕ್ಟೋಬರ್‌ನಲ್ಲಿ ಬೆಳ್ಳಿ ಇಟಿಎಫ್‌ಗಳಲ್ಲಿ ಅದು ಎದ್ದು ಕಂಡಿತು. ಅಂತರರಾಷ್ಟ್ರೀಯ ಪೇಟೆಯಲ್ಲಿ ಬೆಳ್ಳಿ ಔನ್ಸ್‌ಗೆ 50 ಡಾಲರ್ ದಾಟಿತ್ತು. ಹಬ್ಬದ ಬೇಡಿಕೆ ಬೇರೆ. ದೇಶದಲ್ಲಿ ಗಟ್ಟಿ ಬೆಳ್ಳಿಗೇ ಕೊರತೆಯಾಗಿ, ಆಮದು ವೆಚ್ಚದ ಲೆಕ್ಕಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಬೇಕಾದ ಸ್ಥಿತಿ ಬಂತು. ಅಂತರರಾಷ್ಟ್ರೀಯ ಬೆಲೆಗೆ ಸುಂಕ ಸೇರಿಸಿದ ಲೆಕ್ಕದ ಮೌಲ್ಯಕ್ಕಿಂತ ಇಟಿಎಫ್‌ಗಳ ಪೇಟೆ ಬೆಲೆ ಬಹಳ ಮೇಲೆ ಹೋಯಿತು. ಕೋಟಕ್ ಸೇರಿದಂತೆ ಕೆಲವು ಫಂಡ್ ಸಂಸ್ಥೆಗಳು ತಮ್ಮ ಬೆಳ್ಳಿ ಫಂಡ್ ಆಫ್ ಫಂಡ್‌ಗಳಿಗೆ ಒಂದೇ ಗಂಟಿನಲ್ಲಿ ಹಾಕುವ ಹಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿದವು. ಇಲ್ಲಿ ಆರ್‌ಬಿಐ ಮಿತಿಯಿಲ್ಲ. ಮಾರ್ಕೆಟ್ ಮೇಕರ್ ಹೊಸ ಯೂನಿಟ್ ಮಾಡಿಸಬೇಕಾದರೆ ಬೆಳ್ಳಿ ಗಟ್ಟಿ ತರಬೇಕು, ಅದೇ ಸಿಗುತ್ತಿರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ತರಲು ಸರಕಿರಲಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಬೆಳ್ಳಿಯ ಬೆಲೆಯೂ ಇಳಿಯಿತು, ಅಂತರವೂ ಕರಗಿತು. ಹಬ್ಬದ ವಾರದಲ್ಲಿ ಕೊಂಡವರಿಗೆ ಎರಡು ಕಡೆಯಿಂದಲೂ ಏಟು ಬಿತ್ತು.

ಈ ಎರಡು ಪ್ರಕರಣಗಳ ವ್ಯತ್ಯಾಸ ಎಚ್ಚರಿಕೆ ಬಂದಾಗ ಬಹಳ ಉಪಯೋಗಕ್ಕೆ ಬರುತ್ತದೆ. ಸರಕಿನ ಕೊರತೆಯಿಂದ ಹುಟ್ಟಿದ ಪ್ರೀಮಿಯಂ ಕೆಲವು ವಾರಗಳಲ್ಲಿ ಹೋಗುವ ಸಾಧ್ಯತೆ ಹೆಚ್ಚು, ಸರಕು ಹೇಗೂ ಬರುತ್ತದೆ. ನಿಯಮದ ಮಿತಿಯಿಂದ ಹುಟ್ಟಿದ ಪ್ರೀಮಿಯಂ ನಿಯಮ ಇರುವವರೆಗೂ ಇರಬಹುದು, ಅದು ಹೋಗುವ ದಿನವನ್ನು ಯಾವ ಸೂತ್ರವೂ ಹೇಳಲಾರದು. ‘ಇಷ್ಟು ಮೇಲೆ ಹೋಗಿದೆ, ಇನ್ನು ಇಳಿಯಲೇಬೇಕು’ ಎಂದು ಆ ನಂಬಿಕೆಯ ಮೇಲೆ ಪಣ ಕಟ್ಟುವುದು ಸಾಮಾನ್ಯ ಹೂಡಿಕೆದಾರನ ಕೆಲಸವಲ್ಲ.

ಡಿಸ್ಕೌಂಟಿನ ಕಡೆ ಸಣ್ಣ ಹೂಡಿಕೆದಾರನಿಗೆ ಒಂದು ರಕ್ಷಣೆ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಮಾಮೂಲಿಯಾಗಿ ಫಂಡ್ ಸಂಸ್ಥೆಯೊಂದಿಗೆ ನೇರವಾಗಿ ಯೂನಿಟ್ ವ್ಯವಹಾರ ಮಾಡಲು 25 ಕೋಟಿ ರೂಪಾಯಿಗಿಂತ ದೊಡ್ಡ ಮೊತ್ತ ಬೇಕು. ಆದರೆ ಇಟಿಎಫ್‌ನ ಮುಕ್ತಾಯ ಬೆಲೆ ದಿನದ ಕೊನೆಯ ಎನ್‌ಎವಿಗಿಂತ 1 ಪರ್ಸೆಂಟ್‌ಗೂ ಹೆಚ್ಚು ಕೆಳಗೆ ಸತತ 7 ವಹಿವಾಟು ದಿನ ಇದ್ದರೆ, ಅಥವಾ ಪೇಟೆಯಲ್ಲಿ ಸತತ 3 ದಿನ ಬೆಲೆಯ ಕೊಡುಗೆಯೇ ಇಲ್ಲದಿದ್ದರೆ, ಎಷ್ಟೇ ಸಣ್ಣ ಮೊತ್ತವಾದರೂ ಫಂಡಿಗೇ ನೇರವಾಗಿ ಯೂನಿಟ್ ವಾಪಸ್ ಕೊಡಬಹುದು. ಎಕ್ಸಿಟ್ ಲೋಡ್ ಇಲ್ಲ. ಮಧ್ಯಾಹ್ನ 3 ಗಂಟೆಯೊಳಗೆ ಅರ್ಜಿ ಹೋದರೆ ಆ ದಿನದ ಎನ್‌ಎವಿ ಸಿಗುತ್ತದೆ. ಆದ್ದರಿಂದ ಶೀಟಿನಲ್ಲಿ ಇನ್ನೊಂದು ಕಂಬ ಇಟ್ಟು, ಒಂದು ಪರ್ಸೆಂಟ್‌ಗಿಂತ ಹೆಚ್ಚಿನ ಡಿಸ್ಕೌಂಟ್ ಸತತವಾಗಿ ಎಷ್ಟು ದಿನ ನಡೆದಿದೆ ಎಂದು ಎಣಿಸುವುದು ಒಳ್ಳೆಯದು. ಇದಕ್ಕೆ ಮಾತ್ರ ಒಂದೇ ತಾರೀಖಿನ ಬೆಲೆ ಮತ್ತು ಎನ್‌ಎವಿಯನ್ನೇ ಜೋಡಿಸಬೇಕು, ನಿಯಮ ಅಳೆಯುವುದು ಹಾಗೆಯೇ. ಪ್ರೀಮಿಯಂ ಕೊಟ್ಟು ಕೊಂಡವರಿಗೆ ಇಂಥ ಯಾವ ರಕ್ಷಣೆಯೂ ಇಲ್ಲ. ನಿಯಮ ಮಾರುವವನನ್ನು ಕಾಯುತ್ತದೆ, ಕೊಳ್ಳುವವನು ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಇದು ತಿದ್ದುವಂಥ ಕೊರತೆ ಎಂದೇ ನನ್ನ ಅಭಿಪ್ರಾಯ. ಕೊಳ್ಳುವ ಗುಂಡಿಯ ಪಕ್ಕದಲ್ಲೇ ಆ ಕ್ಷಣದ ಪ್ರೀಮಿಯಂ ತೋರಿಸಬೇಕೆಂದು ಬ್ರೋಕರ್‌ಗಳಿಗೆ ಹೇಳಿದರೆ ಎಷ್ಟೋ ಜನರ ಹಣ ಉಳಿಯುತ್ತದೆ.

ಅದು ಬರುವವರೆಗೆ ಕೈಯಲ್ಲಿರುವ ಸಾಧನ ಲಿಮಿಟ್ ಆರ್ಡರ್. ಬ್ರೋಕರ್ ಆ್ಯಪಿನಲ್ಲಿ ಪ್ರತಿ ತಿಂಗಳೂ ತಾನಾಗಿ ಇಟಿಎಫ್ ಕೊಳ್ಳುವಂತೆ ಎಸ್‌ಐಪಿ ಇಟ್ಟಿದ್ದರೆ ಅದು ಮಾರ್ಕೆಟ್ ಆರ್ಡರ್ ಹಾಕುತ್ತದೆಯೇ ಎಂದು ನೋಡಿ. ಹಾಕುವುದಾದರೆ ಪ್ರೀಮಿಯಂ ಎರಡಿರಲಿ ಹನ್ನೆರಡಿರಲಿ, ಆ ದಿನ ಸಿಕ್ಕ ಬೆಲೆಗೆ ಕೊಂಡುಬಿಡುತ್ತದೆ. ಅಂಥದ್ದನ್ನು ವಿದೇಶಿ ಇಟಿಎಫ್‌ಗೆ ಇಡದಿರುವುದೇ ಒಳ್ಳೆಯದು. ಬದಲಿಗೆ ಆ ಮಧ್ಯಾಹ್ನದ ನ್ಯಾಯಬೆಲೆಗೆ ನಾವು ಒಪ್ಪಿದ ಗರಿಷ್ಠ ಪ್ರೀಮಿಯಂ ಸೇರಿಸಿ ಬೆಲೆ ನಿಗದಿ ಮಾಡಬೇಕು. ಮೇಲಿನ ಉದಾಹರಣೆಯಲ್ಲಿ ನ್ಯಾಯಬೆಲೆ 202 ರೂಪಾಯಿ 40 ಪೈಸೆ. ಎರಡು ಪರ್ಸೆಂಟ್‌ವರೆಗೆ ಒಪ್ಪುವವರು 206 ರೂಪಾಯಿ 45 ಪೈಸೆಗೆ ಲಿಮಿಟ್ ಹಾಕುತ್ತಾರೆ. ಆ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ಮಾರುವವರು ಸಿಕ್ಕರೆ ಯೂನಿಟ್ ಬರುತ್ತದೆ. ಸಿಗದಿದ್ದರೆ ಮಧ್ಯಾಹ್ನ 3:30ಕ್ಕೆ ಆರ್ಡರ್ ತಾನಾಗಿ ರದ್ದಾಗುತ್ತದೆ, ಹಣ ಖಾತೆಯಲ್ಲೇ ಉಳಿಯುತ್ತದೆ. ಮರುದಿನ ಹೊಸ ಎನ್‌ಎವಿ, ಹೊಸ ಫ್ಯೂಚರ್ಸ್, ಹೊಸ ಡಾಲರ್ ಬೆಲೆ ಹಿಡಿದು ಲೆಕ್ಕವನ್ನು ಮತ್ತೆ ಮಾಡಬೇಕು, ನಿನ್ನೆಯ 206.45ನ್ನೇ ಹಾಕಬಾರದು.